ಪಾಠ ಓದುವ ಮೊದಲು ಪಾಠವನ್ನೊಮ್ಮೆ ನೋಡಿ

ಎರಡು ತಿಂಗಳ ಹಿಂದೆ ಜುಮುಅ ನಮಾಝ್ ಮುಗಿದ ಬಳಿಕ ನಮ್ಮ ಜಮಾಅತಿನ ಒಬ್ಬ ತಂದೆ ಮಗನ ಕೈ ಹಿಡಿದುಕೊಂಡು ನಮ್ಮ ಬಳಿ ಬಂದರು. ಆಟೋ ಓಡಿಸಿ ಮನೆ ನಡೆಸುವವರು. "ಉಸ್ತಾದ್, ಇವನು ಓದುವುದಿಲ್ಲ ಎಂದು ನಾನು ಹೇಳುವುದಿಲ್ಲ. ದಿನಾ ರಾತ್ರಿ ಎರಡು ಗಂಟೆ ಪುಸ್ತಕ ಹಿಡಿದು ಕೂರುತ್ತಾನೆ. ಆದರೂ ವಿಜ್ಞಾನದಲ್ಲಿ ಇಪ್ಪತ್ತೈದಕ್ಕೆ ಆರು ಬಂದಿದೆ. ಇವನ ತಲೆಗೆ ಓದು ಹತ್ತುವುದಿಲ್ಲವೋ ಏನೋ. ಏಳನೆಯದು ಮುಗಿದ ಮೇಲೆ ಅಂಗಡಿಗೆ ಸೇರಿಸಿಬಿಡಲೇ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಮಗ್ರಿಬ್ ನಂತರ ಪುಸ್ತಕ ಹಿಡಿದು ಮದ್ರಸಕ್ಕೆ ಬರಲು ಅವನಿಗೆ ಹೇಳಿದೆವು. ಬಂದ. ಹೇಗೆ ಓದುತ್ತೀಯೋ ಹಾಗೆಯೇ ನಮ್ಮೆದುರು ಓದು ಎಂದೆವು. ಅವನು ಪಾಠದ ಮೊದಲ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಶೀರ್ಷಿಕೆ ಬಂದಾಗ ಅದನ್ನು ಹಾರಿಸಿದ. ಚಿತ್ರ ಬಂದಾಗ ಅದನ್ನೂ ಹಾರಿಸಿದ. ದಪ್ಪ ಅಕ್ಷರದ ಪದವನ್ನು ಉಳಿದ ಪದಗಳ ಹಾಗೆಯೇ ಓದಿಕೊಂಡು ಹೋದ. ಎರಡು ಪುಟ ಮುಗಿದ ಮೇಲೆ "ಈ ಪಾಠ ಯಾವುದರ ಬಗ್ಗೆ?" ಎಂದು ಕೇಳಿದರೆ "ರಕ್ತದ ಬಗ್ಗೆ" ಎಂದ. ಮುಂದೆ ಏನು ಬರುತ್ತದೆ ಎಂದು ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡಿದ. ಇನ್ನೂ ಓದಿಲ್ಲವಲ್ಲ, ಅದು ಗೊತ್ತಾಗುವುದಾದರೂ ಹೇಗೆ ಎಂಬಂತಿತ್ತು ಆ ನೋಟ.

ಈ ಓದು ಎಲ್ಲಿಂದ ಬಂತು ಎಂದು ನಮಗೆ ಚೆನ್ನಾಗಿ ಗೊತ್ತು. ನಾವೂ ಹಾಗೆಯೇ ಓದಿದವರು. ಮದ್ರಸದಲ್ಲಿ ಮೊದಲ ಅಕ್ಷರದಿಂದ ಆರಂಭಿಸಿ, ಒಂದೂ ಬಿಡದೆ, ಉಚ್ಚಾರ ತಪ್ಪದೆ ಓದಬೇಕು. ಹಿಫ್ಜ್‌ಗೆ ಅದೇ ಸರಿಯಾದ ದಾರಿ. ಮುಂದೆ ನಾವು ಬಿ.ಎ. ಪರೀಕ್ಷೆಗೆ ಕುಳಿತಾಗ ಇತಿಹಾಸದ ಪುಸ್ತಕವನ್ನೂ ಹಾಗೆಯೇ ಓದಿದೆವು. ಮುನ್ನೂರು ಪುಟದ ಪುಸ್ತಕವನ್ನು ಮೊದಲ ಸಾಲಿನಿಂದ ಹಿಡಿದು ಓದಿ ನೂರನೇ ಪುಟ ಮುಟ್ಟುವ ಹೊತ್ತಿಗೆ ಪರೀಕ್ಷೆ ಬಂದುಬಿಟ್ಟಿತು. ಆ ವಿಷಯವನ್ನು ಎರಡನೇ ಸಲ ಬರೆಯಬೇಕಾಯಿತು. ಕಂಠಪಾಠ ಮಾಡುವ ಗ್ರಂಥ ಬೇರೆ, ವಿಷಯವನ್ನು ವಿವರಿಸುವ ಪಾಠ ಬೇರೆ. ಎರಡನೆಯದರಲ್ಲಿ ಲೇಖಕನೇ ದಾರಿಯುದ್ದಕ್ಕೂ ಫಲಕಗಳನ್ನು ನೆಟ್ಟಿರುತ್ತಾನೆ. ಶೀರ್ಷಿಕೆ, ಚಿತ್ರದ ಕೆಳಗಿನ ಸಾಲು, ದಪ್ಪ ಅಕ್ಷರದ ಪದ, ಕೊನೆಯಲ್ಲಿ ಪದಗಳ ಪಟ್ಟಿ, ಇವೇ ಆ ಫಲಕಗಳು. ಪಾಠಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ಅವುಗಳನ್ನು ಮಾತ್ರ ಓದುವುದು ಹೇಗೆ ಎಂಬುದನ್ನು ಆ ಹುಡುಗನ ಪಾಠವನ್ನೇ ಇಟ್ಟುಕೊಂಡು ಹೇಳುತ್ತೇವೆ.

ಇದು ನಾವು ಕಂಡುಹಿಡಿದದ್ದಲ್ಲ. ಅಮೆರಿಕದ ಓಹಾಯೊ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಬರೆದ ಪುಸ್ತಕದಲ್ಲಿ ಓದಿನ ಐದು ಹಂತಗಳನ್ನು ಹೇಳಿದ್ದರು. ಅದರಲ್ಲಿ ಮೊದಲನೆಯದು ಪಾಠದ ಮೇಲೊಮ್ಮೆ ಕಣ್ಣು ಹಾಯಿಸುವುದು, ಎರಡನೆಯದು ಶೀರ್ಷಿಕೆಯನ್ನು ಪ್ರಶ್ನೆಯಾಗಿ ಮಾಡಿಕೊಳ್ಳುವುದು. ಓದು ಬರುವುದು ಮೂರನೆಯದಾಗಿ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಇಬ್ಬರು ಒಂದು ಸೊಗಸಾದ ಪ್ರಯೋಗ ಮಾಡಿದರು. ಬಟ್ಟೆ ಒಗೆಯುವುದರ ಬಗ್ಗೆ ಒಂದು ಪ್ಯಾರಾ ಬರೆದರು, ಆದರೆ ಬಟ್ಟೆ ಎಂಬ ಸುಳಿವನ್ನೇ ಕೊಡಲಿಲ್ಲ. ವಸ್ತುಗಳನ್ನು ಗುಂಪು ಮಾಡಬೇಕು, ಒಂದೇ ಸಲಕ್ಕೆ ತುಂಬ ಹಾಕಬಾರದು ಎಂಬ ಧಾಟಿಯಲ್ಲಿತ್ತು. ಇದು ಬಟ್ಟೆ ಒಗೆಯುವ ವಿಷಯ ಎಂದು ಮೊದಲೇ ತಿಳಿದವರು, ತಿಳಿಯದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ವಿಷಯಗಳನ್ನು ನೆನಪಿಟ್ಟುಕೊಂಡರು. ಮೂರನೆಯ ಗುಂಪಿಗೆ ವಿಷಯವನ್ನು ಕೇಳಿ ಮುಗಿಸಿದ ಮೇಲೆ ಹೇಳಲಾಯಿತು. ಅವರಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಹೇಳದವರಷ್ಟೇ ನೆನಪಿತ್ತು. ಶೀರ್ಷಿಕೆಯನ್ನು ಹಾರಿಸಿ ಓದಿ, ಕೊನೆಗೆ ಅದರ ಹೆಸರು ನೋಡುವ ಮಗುವಿನ ಸ್ಥಿತಿ ಆ ಮೂರನೇ ಗುಂಪಿನದ್ದು.

ಇನ್ನು ಪಾಠಕ್ಕೆ ಬರೋಣ. ಹುಡುಗ ತಂದದ್ದು ಎನ್‌ಸಿಇಆರ್‌ಟಿಯ ಏಳನೇ ತರಗತಿ ವಿಜ್ಞಾನದ ಹಳೆಯ ಪುಸ್ತಕ. ಪಾಠದ ಹೆಸರು ಪ್ರಾಣಿಗಳು ಮತ್ತು ಸಸ್ಯಗಳಲ್ಲಿ ಸಾಗಾಣಿಕೆ. ಪುಸ್ತಕ ಮುಚ್ಚಿಸಿ ಮೊದಲು ಕೇಳಿದ್ದು, "ಸಾಗಾಣಿಕೆ ಎಂದರೇನು?" ಅವನಿಗೆ ಗೊತ್ತಿತ್ತು. ಲಾರಿಯಲ್ಲಿ ಮೀನು ಸಾಗಿಸುವುದು. ಸರಿ, ಸಾಗಾಣಿಕೆಗೆ ಏನೇನು ಬೇಕು? ಸರಕು ಬೇಕು, ಗಾಡಿ ಬೇಕು, ರಸ್ತೆ ಬೇಕು ಎಂದ. ಇಷ್ಟು ಹೇಳಿದವನು ಅರ್ಧ ಪಾಠವನ್ನು ತಿಳಿಯಲು ಸಿದ್ಧನಾಗಿದ್ದಾನೆ. ದೇಹದೊಳಗೆ ಸರಕು ಯಾವುದು, ಗಾಡಿ ಯಾವುದು, ರಸ್ತೆ ಯಾವುದು ಎಂಬ ಮೂರು ಖಾಲಿ ಜಾಗಗಳು ಅವನ ಮನಸ್ಸಿನಲ್ಲಿ ಮೂಡಿದವು. ಇನ್ನು ಓದುವುದೆಂದರೆ ಅವನ್ನು ತುಂಬುವುದು.

ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು ಶೀರ್ಷಿಕೆಗಳನ್ನು ಮಾತ್ರ ಬರೆಯಲು ಹೇಳಿದೆವು. ಇಲ್ಲಿ ಒಂದು ವಿಷಯ ಗಮನಿಸಬೇಕು. ಎಲ್ಲ ಶೀರ್ಷಿಕೆಗಳೂ ಒಂದೇ ದರ್ಜೆಯವಲ್ಲ. ಕೆಲವಕ್ಕೆ ಸಂಖ್ಯೆ ಇರುತ್ತದೆ, ಅಕ್ಷರ ದೊಡ್ಡದಿರುತ್ತದೆ. ಕೆಲವು ಸಣ್ಣ ಅಕ್ಷರದಲ್ಲಿ, ಸಂಖ್ಯೆಯಿಲ್ಲದೆ ಇರುತ್ತವೆ. ದೊಡ್ಡದು ತಾಯಿ ಬೇರು, ಸಣ್ಣದು ಅದರಿಂದ ಹೊರಟದ್ದು. ಹುಡುಗ ಮೊದಲು ಎಲ್ಲವನ್ನೂ ಒಂದರ ಕೆಳಗೆ ಒಂದರಂತೆ ಬರೆದ. ಹಾಗೆ ಬರೆದರೆ ಅದು ಅಂಗಡಿಯ ಚೀಟಿಯಂತಾಗುತ್ತದೆ, ಯಾವುದು ಯಾವುದಕ್ಕೆ ಸೇರಿದ್ದು ಎಂದು ತಿಳಿಯುವುದಿಲ್ಲ. ಸಣ್ಣ ಶೀರ್ಷಿಕೆಗಳನ್ನು ಸ್ವಲ್ಪ ಒಳಗೆ ಸರಿಸಿ ಮತ್ತೆ ಬರೆಸಿದೆವು. ಆಗ ಕಂಡದ್ದು ಇದು: ದೊಡ್ಡ ಶೀರ್ಷಿಕೆ ಮೂರು. ಪರಿಚಲನಾ ವ್ಯೂಹ, ಪ್ರಾಣಿಗಳಲ್ಲಿ ವಿಸರ್ಜನೆ, ಸಸ್ಯಗಳಲ್ಲಿ ವಸ್ತುಗಳ ಸಾಗಾಣಿಕೆ. ಮೊದಲನೆಯದರ ಒಳಗೆ ರಕ್ತ, ರಕ್ತನಾಳಗಳು, ಹೃದಯ, ಹೃದಯ ಬಡಿತ ಎಂಬ ಸಣ್ಣ ಶೀರ್ಷಿಕೆಗಳು. ಮೂರನೆಯದರ ಒಳಗೆ ನೀರು ಮತ್ತು ಖನಿಜಗಳ ಸಾಗಾಣಿಕೆ, ಬಾಷ್ಪವಿಸರ್ಜನೆ.

ಹಾಳೆಯನ್ನು ನೋಡುತ್ತಲೇ ಹುಡುಗ ತಾನಾಗಿ ಹೇಳಿದ, "ಉಸ್ತಾದ್, ಲಾರಿ, ರಸ್ತೆ ಎರಡೂ ಸಿಕ್ಕಿತು. ರಕ್ತ ಲಾರಿ, ರಕ್ತನಾಳ ರಸ್ತೆ." ಹೃದಯ ಏನು ಎಂದೆವು. ಸ್ವಲ್ಪ ಯೋಚಿಸಿ "ಇಂಜಿನ್" ಎಂದ. ಪಂಪ್ ಎಂದಿದ್ದರೆ ಇನ್ನೂ ಸರಿಯಾಗುತ್ತಿತ್ತು. ಅದನ್ನು ನಾವು ತಿದ್ದಲಿಲ್ಲ, ಪಾಠವೇ ತಿದ್ದಲಿ ಎಂದು ಬಿಟ್ಟೆವು.

ಮುಖ್ಯವಾದದ್ದು ಈಗ ಬರುತ್ತದೆ. ಮೂರು ದೊಡ್ಡ ಶೀರ್ಷಿಕೆಗಳಲ್ಲಿ ನಡುವಿನದ್ದು ವಿಸರ್ಜನೆ. ಪಾಠದ ಹೆಸರು ಸಾಗಾಣಿಕೆ. ಸಾಗಾಣಿಕೆಯ ಪಾಠದಲ್ಲಿ ವಿಸರ್ಜನೆಗೇನು ಕೆಲಸ? ಹೀಗೆ ಪಾಠದ ಹೆಸರಿಗೂ ಒಳಗಿನ ಶೀರ್ಷಿಕೆಗೂ ಹೊಂದಿಕೆಯಾಗುತ್ತಿಲ್ಲ ಅನ್ನಿಸಿದರೆ ಅಲ್ಲಿ ನಿಲ್ಲಬೇಕು. ಪಾಠದ ಕೀಲು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಈ ಪ್ರಶ್ನೆಯನ್ನು ಹಾಳೆಯ ಅಂಚಿನಲ್ಲಿ ಬರೆಸಿದೆವು. ಉತ್ತರ ಪಾಠದೊಳಗಿದೆ. ರಕ್ತ ಆಹಾರ ಮತ್ತು ಆಮ್ಲಜನಕವನ್ನು ಹೊತ್ತೊಯ್ಯುವುದು ಮಾತ್ರವಲ್ಲ, ಜೀವಕೋಶಗಳು ಬಿಟ್ಟ ಕಸವನ್ನೂ ಹೊತ್ತು ತರುತ್ತದೆ. ಆ ಕಸವನ್ನು ಎಲ್ಲಾದರೂ ಇಳಿಸಬೇಕಲ್ಲ. ಮೂತ್ರಜನಕಾಂಗಗಳು ರಕ್ತವನ್ನು ಸೋಸಿ ಅದನ್ನು ಬೇರ್ಪಡಿಸುತ್ತವೆ. ಆದ್ದರಿಂದ ವಿಸರ್ಜನೆ ಸಾಗಾಣಿಕೆಯದ್ದೇ ಕೊನೆಯ ನಿಲ್ದಾಣ. ಬರೀ ಓದಿಕೊಂಡು ಹೋಗಿದ್ದರೆ ಇದು ಎರಡು ಬೇರೆ ಬೇರೆ ಪಾಠಗಳ ಹಾಗೆ ತಲೆಯಲ್ಲಿ ಕೂರುತ್ತಿತ್ತು.

ಶೀರ್ಷಿಕೆಗಳನ್ನು ಪ್ರಶ್ನೆಗಳಾಗಿ ಮಾಡುವಾಗ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಎಲ್ಲದಕ್ಕೂ "ಎಂದರೇನು" ಎಂದು ಸೇರಿಸಿಬಿಡುತ್ತಾರೆ. ರಕ್ತ ಎಂದರೇನು, ಹೃದಯ ಎಂದರೇನು. ಅದಕ್ಕೆ ಒಂದೇ ಸಾಲಿನ ವ್ಯಾಖ್ಯೆ ಸಿಗುತ್ತದೆ, ಹುಡುಗ ಅದನ್ನು ಬಾಯಿಪಾಠ ಮಾಡಿ ಉಳಿದದ್ದನ್ನು ಬಿಡುತ್ತಾನೆ. ಹೇಗೆ, ಏಕೆ, ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ ಪ್ಯಾರಾ ಪೂರ್ತಿ ಓದದೆ ಉತ್ತರ ಸಿಗುವುದಿಲ್ಲ. "ರಕ್ತನಾಳಗಳು" ಎಂಬ ಶೀರ್ಷಿಕೆಗೆ ನಾವು ಮಾಡಿದ ಪ್ರಶ್ನೆ, "ರಸ್ತೆ ಒಂದೇ ಸಾಲದೇ? ಏಕೆ ಒಂದಕ್ಕಿಂತ ಹೆಚ್ಚು ಬಗೆ?" ಎಂದು.

ಇಲ್ಲಿ ಒಂದು ಮಾತು ನೆನಪಾಯಿತು. ನಮ್ಮ ಗ್ರಂಥಗಳಿಗೆ ಶೀರ್ಷಿಕೆಯ ಬೆಲೆ ಹೊಸದಲ್ಲ. ಇಮಾಮ್ ಬುಖಾರಿಯವರ ಫಿಕ್ಹ್ ಅವರು ಅಧ್ಯಾಯಗಳಿಗೆ ಇಟ್ಟ ಶೀರ್ಷಿಕೆಗಳಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ. ಆ ಶೀರ್ಷಿಕೆಗೂ ಅದರ ಕೆಳಗಿನ ಹದೀಸಿಗೂ ಇರುವ ಸಂಬಂಧ ಏನೆಂಬುದರ ಮೇಲೆಯೇ ಪ್ರತ್ಯೇಕ ಗ್ರಂಥಗಳಿವೆ. ಕಿತಾಬಿನಲ್ಲಿ ಬಾಬ್ ಮತ್ತು ಫಸ್ಲ್ ನೋಡಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಶಾಲೆಯ ಪುಸ್ತಕದಲ್ಲಿ ಮಾತ್ರ ಶೀರ್ಷಿಕೆಯನ್ನು ಹಾರಿಸುವುದೇಕೋ ನಮಗೆ ಅರ್ಥವಾಗಿಲ್ಲ.

ಶೀರ್ಷಿಕೆಯ ನಂತರ ಚಿತ್ರಗಳು. ಚಿತ್ರವನ್ನು ಮಕ್ಕಳು ನೋಡುತ್ತಾರೆ, ಆದರೆ ಅದರ ಕೆಳಗಿನ ಸಾಲನ್ನು ಓದುವುದಿಲ್ಲ. ಆ ಸಾಲೇ ಚಿತ್ರದಲ್ಲಿ ಏನನ್ನು ನೋಡಬೇಕು ಎಂದು ಹೇಳುವುದು. ಹೃದಯವನ್ನು ಸೀಳಿದಂತೆ ತೋರಿಸುವ ಒಂದು ಚಿತ್ರವಿದೆ. ಬರೀ ನೋಡಿದರೆ ಅದು ಬಣ್ಣದ ಗಂಟಿನಂತಿರುತ್ತದೆ. ಮೊದಲು ಕೆಳಗಿನ ಸಾಲು ಓದು, ಆಮೇಲೆ ಬಾಣದ ಗುರುತಿನ ತುದಿಯಲ್ಲಿರುವ ಹೆಸರುಗಳನ್ನು ಓದು, ಕೊನೆಗೆ ಚಿತ್ರ ನೋಡು ಎಂದೆವು. ನಾಲ್ಕು ಕೋಣೆಗಳು ಕಂಡವು. ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ನಡುವೆ ಗೋಡೆ. ಗೋಡೆ ಏಕಿರಬೇಕು ಎಂಬುದು ಅವನ ಹಾಳೆಯ ಎರಡನೇ ಪ್ರಶ್ನೆಯಾಯಿತು. ಆಮ್ಲಜನಕ ತುಂಬಿದ ರಕ್ತವೂ ಇಂಗಾಲದ ಡೈಆಕ್ಸೈಡ್ ತುಂಬಿದ ರಕ್ತವೂ ಬೆರೆಯಬಾರದು ಎಂಬುದು ಅದರ ಉತ್ತರ. ಪಾಠ ಓದುವಾಗ ಅದು ಅವನಿಗೆ ತಾನಾಗಿಯೇ ಸಿಕ್ಕಿತು.

ಚಿತ್ರ ದಾರಿ ತಪ್ಪಿಸುವುದೂ ಉಂಟು. ಇಂತಹ ಚಿತ್ರಗಳಲ್ಲಿ ಆಮ್ಲಜನಕವಿರುವ ರಕ್ತವನ್ನು ಕೆಂಪಾಗಿ, ಇಲ್ಲದ್ದನ್ನು ನೀಲಿಯಾಗಿ ಬಳಿಯುವುದು ವಾಡಿಕೆ. "ನೀಲಿ ರಕ್ತ ಎಲ್ಲಿರುತ್ತದೆ ಉಸ್ತಾದ್?" ಎಂದು ಅವನು ಕೇಳಿಯೇ ಬಿಟ್ಟ. ಯಾರ ದೇಹದಲ್ಲೂ ನೀಲಿ ರಕ್ತವಿಲ್ಲ. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪಾಗಿರುತ್ತದೆ. ಆಸ್ಪತ್ರೆಯಲ್ಲಿ ತೋಳಿನಿಂದ ರಕ್ತ ತೆಗೆಯುವಾಗ ಸಿರಿಂಜಿನಲ್ಲಿ ಕಾಣುವುದು ಅದೇ. ನೀಲಿ ಎಂಬುದು ಗುರುತು ಮಾತ್ರ. ಬಣ್ಣ, ಬಾಣ, ಗಾತ್ರ ಇವೆಲ್ಲ ಚಿತ್ರಕಾರನ ಗುರುತೇ ಅಥವಾ ನಿಜವೇ ಎಂದು ಅನುಮಾನ ಬಂದರೆ, ಕೆಳಗಿನ ಸಾಲಿನಲ್ಲಿ ಹೇಳಿದೆಯೇ ನೋಡಬೇಕು. ಹೇಳಿಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಬೇಕು.

ಪೆಟ್ಟಿಗೆಯೊಳಗಿನ ಬರಹಗಳ ಬಗ್ಗೆ ನಾವೇ ತಪ್ಪು ಮಾಡಿದ ಕಥೆ ಹೇಳಬೇಕು. ಈ ಪಾಠದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯವರ ಬಗ್ಗೆ ಒಂದು ಪೆಟ್ಟಿಗೆಯಿದೆ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿಕೊಟ್ಟವರು ಅವರು. ಹುಡುಗ ಅಲ್ಲಿ ನಿಂತ. ನಾವೂ ನಿಂತೆವು. ಹಾರ್ವೆಗಿಂತ ಸುಮಾರು ನಾಲ್ಕು ಶತಮಾನ ಮೊದಲೇ, ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನು ನಫೀಸ್ ಅವರು ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ಹೋಗಿ ಎಡಭಾಗಕ್ಕೆ ಮರಳುತ್ತದೆ ಎಂದು ಬರೆದಿದ್ದರು ಎಂದು ಹೇಳತೊಡಗಿದೆವು. ಹೇಳುತ್ತಾ ಹೇಳುತ್ತಾ ಕಾಲು ಗಂಟೆ ಕಳೆಯಿತು. ಹತ್ತು ನಿಮಿಷದ ನೋಟದಲ್ಲಿ ಹದಿನೈದು ನಿಮಿಷ ಪೆಟ್ಟಿಗೆಗೇ ಹೋಯಿತು. ಪೆಟ್ಟಿಗೆಯ ಬರಹ ರುಚಿಯಾಗಿರುತ್ತದೆ, ಆದರೆ ಹೆಚ್ಚಾಗಿ ಅದು ಪಾಠದ ಬೆನ್ನೆಲುಬಲ್ಲ. ಮೊದಲ ನೋಟದಲ್ಲಿ ಪೆಟ್ಟಿಗೆಯ ತಲೆಬರಹ ಓದಿ ದಾಟಬೇಕು. ಓದಿ ಮುಗಿದ ಮೇಲೆ ಅಲ್ಲಿಗೆ ಮರಳಿ ಬಂದು ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಈಗ ದಪ್ಪ ಅಕ್ಷರದ ಪದಗಳು. ಇವು ಲೇಖಕ ಮೊದಲ ಬಾರಿ ಪರಿಚಯಿಸುವ ಪದಗಳು. ಪರಿಚಯ ಆ ಪದದಲ್ಲಿಲ್ಲ, ಅದಿರುವ ವಾಕ್ಯದಲ್ಲಿದೆ. ಪದಗಳನ್ನಷ್ಟೇ ಹೆಕ್ಕಿ ಬರೆದರೆ ಏನೂ ಸಿಗುವುದಿಲ್ಲ. ಪದ ಸಿಕ್ಕಿದ ಕೂಡಲೇ ಆ ಒಂದು ವಾಕ್ಯವನ್ನು ಪೂರ್ತಿ ಓದಬೇಕು, ಮುಂದಿನದನ್ನು ಓದಬಾರದು. ಪ್ಲಾಸ್ಮ, ಹಿಮೋಗ್ಲೋಬಿನ್ ಮುಂತಾದವು ಹೀಗೆ ಬೇಗ ದಾಟಿಹೋದವು. ಸಿಕ್ಕಿಹಾಕಿಕೊಂಡದ್ದು ಎರಡು ಪದಗಳಲ್ಲಿ. ಅಪಧಮನಿ ಮತ್ತು ಅಭಿಧಮನಿ.

ಕನ್ನಡದಲ್ಲಿ ಓದುವ ಮಗುವಿಗೆ ಇದು ನಿಜವಾದ ತೊಡಕು. ಇಂಗ್ಲಿಷಿನಲ್ಲಿ ಆರ್ಟರಿ, ವೇಯ್ನ್ ಎಂಬ ಎರಡು ಪದಗಳು ಕೇಳಲು ಬೇರೆಯೇ. ಕನ್ನಡದಲ್ಲಿ ಒಂದು ಅಕ್ಷರದಲ್ಲಷ್ಟೇ ವ್ಯತ್ಯಾಸ. ವೇಗವಾಗಿ ಓದಿದರೆ ಎರಡೂ ಒಂದೇ ಆಗಿ ಕಾಣುತ್ತವೆ. ಎರಡು ಪುಟ ಓದಿ ಮುಗಿಸಿದವನಿಗೆ ಹೃದಯದಿಂದ ಹೊರಡುವುದು ಯಾವುದು, ಮರಳುವುದು ಯಾವುದು ಎಂದು ಗೊತ್ತಾಗದಿದ್ದರೆ ತಪ್ಪು ಅವನದ್ದಲ್ಲ. ಆದ್ದರಿಂದ ದಪ್ಪ ಅಕ್ಷರದ ಪದಗಳಲ್ಲಿ ಒಂದನ್ನೊಂದು ಹೋಲುವ ಜೋಡಿ ಇದೆಯೇ ಎಂದು ಮೊದಲೇ ಹುಡುಕಿಡಬೇಕು. ಸಿಕ್ಕಿದರೆ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಬೇರೆಯಾಗುವ ಅಕ್ಷರಕ್ಕೆ ಸುತ್ತು ಹಾಕಬೇಕು. ಅವನು 'ಪ'ಕ್ಕೂ 'ಭಿ'ಗೂ ಸುತ್ತು ಹಾಕಿದ. ಅಪಧಮನಿಯ ಕೆಳಗೆ ಹೃದಯದಿಂದ ಹೊರಗೆ ಹೋಗುವ ಬಾಣ, ಅಭಿಧಮನಿಯ ಕೆಳಗೆ ಹೃದಯಕ್ಕೆ ಬರುವ ಬಾಣ.

ಇನ್ನೊಂದು ಜೋಡಿ ಅವನ ಆರು ಅಂಕಕ್ಕೆ ಕಾರಣವಾಗಿತ್ತು ಎಂಬುದು ಆಗಲೇ ಬೆಳಕಿಗೆ ಬಂದದ್ದು. ಪರೀಕ್ಷೆಯಲ್ಲಿ ವಿಸರ್ಜನೆಯ ಬಗ್ಗೆ ಕೇಳಿದ್ದರು. ಅವನು ಎಲೆಗಳಿಂದ ನೀರು ಆವಿಯಾಗಿ ಹೋಗುವುದರ ಬಗ್ಗೆ ಒಂದು ಪುಟ ಬರೆದಿದ್ದ. ಅದು ಬಾಷ್ಪವಿಸರ್ಜನೆ. ಒಂದು ಪದ ಇನ್ನೊಂದರ ಹೊಟ್ಟೆಯಲ್ಲಿದೆ. ದೇಹದ ಕಸವನ್ನು ಹೊರಹಾಕುವುದು ಒಂದು, ಗಿಡ ಎಲೆಯ ರಂಧ್ರಗಳ ಮೂಲಕ ನೀರಿನ ಆವಿಯನ್ನು ಬಿಡುವುದು ಇನ್ನೊಂದು. ಶೀರ್ಷಿಕೆಗಳ ಹಾಳೆ ಎದುರಿಗಿದ್ದಾಗ ಅವನಿಗೇ ಕಂಡಿತು. ಒಂದು ಎರಡನೇ ದೊಡ್ಡ ಶೀರ್ಷಿಕೆ, ಪ್ರಾಣಿಗಳದ್ದು. ಇನ್ನೊಂದು ಮೂರನೆಯದರ ಒಳಗಿನ ಸಣ್ಣ ಶೀರ್ಷಿಕೆ, ಸಸ್ಯಗಳದ್ದು. ಉತ್ತರ ತಪ್ಪಾದದ್ದು ಓದದೆ ಅಲ್ಲ, ಓದಿದ್ದು ಯಾವ ಮನೆಗೆ ಸೇರಿದ್ದು ಎಂದು ಗೊತ್ತಿಲ್ಲದೆ. ತಂದೆಗೆ ಇದನ್ನು ತೋರಿಸಿದಾಗ ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು.

ಪಾಠದ ಕೊನೆಯಲ್ಲಿ ಮುಖ್ಯ ಪದಗಳ ಪಟ್ಟಿಯಿದೆ. ಇದು ಪದಕೋಶವಲ್ಲ ಎಂಬುದನ್ನು ತಿಳಿದಿರಬೇಕು. ಪದಗಳಿವೆ, ಅರ್ಥವಿಲ್ಲ. ಇದನ್ನು ಬೇರೆ ರೀತಿಯಲ್ಲಿ ಬಳಸಬಹುದು. ಪ್ರತಿ ಪದದ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಬೇಕು. ಬೇರೆಯವರಿಗೆ ವಿವರಿಸಬಲ್ಲೆ ಎಂದಾದರೆ ಸರಿ ಗುರುತು. ಕೇಳಿದ್ದೇನೆ, ಹೇಳಲು ಬರುವುದಿಲ್ಲ ಎಂದಾದರೆ ಚುಕ್ಕೆ. ಕಂಡೇ ಇಲ್ಲ ಎಂದಾದರೆ ಸೊನ್ನೆ. ನಮ್ಮ ಹುಡುಗ ರಕ್ತ, ಬೆವರು, ನಾಡಿ ಇವಕ್ಕೆ ಸರಿ ಹಾಕಿದ. ಮೂತ್ರಜನಕಾಂಗ, ಅಂಗಾಂಶ ಇವಕ್ಕೆ ಚುಕ್ಕೆ. ಕ್ಸೈಲಂ, ಫ್ಲೋಯಂ, ಯೂರಿಯ ಸೊನ್ನೆ. ಯೂರಿಯ ಎಂದರೆ ತೋಟಕ್ಕೆ ಹಾಕುವ ಗೊಬ್ಬರ ಎಂದು ಅವನ ತಮ್ಮ ಪಕ್ಕದಿಂದ ಹೇಳಿದ. ಎರಡೂ ಒಂದೇ ವಸ್ತು ಎಂದಾಗ ಇಬ್ಬರೂ ಬಾಯಿ ಬಿಟ್ಟು ನೋಡಿದರು. ಈ ಮೂರು ಗುರುತುಗಳಲ್ಲಿ ಮೋಸ ಮಾಡುವುದು ಚುಕ್ಕೆಯ ಪದಗಳೇ. ಸೊನ್ನೆಯ ಪದ ಬಂದಾಗ ಮಗು ತಾನಾಗಿ ನಿಲ್ಲುತ್ತದೆ. ಚುಕ್ಕೆಯ ಪದವನ್ನು ಗೊತ್ತಿದೆ ಎಂದುಕೊಂಡು ದಾಟುತ್ತದೆ.

ಅರ್ಥ ಸಹಿತ ಪದಕೋಶವಿರುವ ಪುಸ್ತಕವಾದರೆ, ಓದುವ ಮೊದಲೇ ಎಲ್ಲ ಅರ್ಥಗಳನ್ನು ಓದಿಸಬೇಡಿ. ಮೂವತ್ತು ವ್ಯಾಖ್ಯೆಗಳನ್ನು ಒಟ್ಟಿಗೆ ಓದಿದರೆ ಒಂದೂ ಉಳಿಯುವುದಿಲ್ಲ. ಸೊನ್ನೆ ಹಾಕಿದವುಗಳಲ್ಲಿ ಶೀರ್ಷಿಕೆಯಲ್ಲೂ ಬಂದಿರುವ ನಾಲ್ಕೈದನ್ನು ಮಾತ್ರ ಮೊದಲು ನೋಡಿದರೆ ಸಾಕು. ಉಳಿದವನ್ನು ಪಾಠದಲ್ಲಿ ಸಿಕ್ಕಾಗ ನೋಡಬಹುದು. ಇನ್ನೊಂದು ಸಣ್ಣ ವಿಷಯ, ಆದರೆ ನಾವು ಹಲವು ಮಕ್ಕಳಲ್ಲಿ ಕಂಡದ್ದು. ಪದಕೋಶವನ್ನು ಅಕಾರಾದಿಯಾಗಿ ಜೋಡಿಸಿರುತ್ತಾರೆ. ವರ್ಣಮಾಲೆ ಸರಿಯಾಗಿ ಬಾಯಿಗೆ ಬಾರದ ಮಗು 'ವಿಸರ್ಜನೆ'ಯನ್ನು 'ಬ'ದ ಆಸುಪಾಸಿನಲ್ಲಿ ಹುಡುಕಿ, ಇಲ್ಲ ಎಂದು ಪುಸ್ತಕ ಮುಚ್ಚುತ್ತದೆ. ಅವರ್ಗೀಯ ವ್ಯಂಜನಗಳು, ಅಂದರೆ ಯ ರ ಲ ವ ಶ ಷ ಸ ಹ ಳ, ಕೊನೆಯಲ್ಲಿ ಬರುತ್ತವೆ ಎಂಬುದು ಗೊತ್ತಿದ್ದರೆ ಅರ್ಧ ಹುಡುಕಾಟ ತಪ್ಪುತ್ತದೆ. ಬ್ಯಾರಿ ಅಥವಾ ಉರ್ದು ಮನೆಮಾತಿನ ಮಕ್ಕಳಿಗೆ ಅರ್ಥದ ಪಕ್ಕದಲ್ಲಿ ಮನೆಯ ಪದವನ್ನೂ ಬರೆದುಕೊಳ್ಳಲು ಹೇಳಿ. ಮೂತ್ರಜನಕಾಂಗಕ್ಕೆ ಗುರ್ದಾ ಎಂದು ಬರೆದ ಕೂಡಲೇ ಒಬ್ಬಳು ಹುಡುಗಿ "ನಮ್ಮ ದಾದಿಗೆ ಡಯಾಲಿಸಿಸ್ ಮಾಡಿಸುತ್ತಾರಲ್ಲ, ಅದೇನಾ?" ಎಂದಳು. ಅದೇ. ಮೂತ್ರಜನಕಾಂಗ ಕೆಲಸ ಮಾಡದಾಗ ರಕ್ತವನ್ನು ಯಂತ್ರದಲ್ಲಿ ಸೋಸುವುದರ ಬಗ್ಗೆ ಆ ಪಾಠದಲ್ಲೇ ಇದೆ.

ಇಷ್ಟೆಲ್ಲ ಮಾಡಿದ ಮೇಲೆ ಪುಸ್ತಕ ಮುಚ್ಚಿ ಮೂರು ವಾಕ್ಯಗಳಲ್ಲಿ ಪಾಠವನ್ನು ಹೇಳಿಸಬೇಕು. ಅವನು ಹೇಳಿದ್ದು ಹೀಗೆ: "ಹೃದಯ ರಕ್ತವನ್ನು ನಾಳಗಳಲ್ಲಿ ಕಳಿಸುತ್ತದೆ. ಅಪಧಮನಿಯಲ್ಲಿ ಒಳ್ಳೆಯ ರಕ್ತ ಹೋಗುತ್ತದೆ, ಅಭಿಧಮನಿಯಲ್ಲಿ ಕೆಟ್ಟ ರಕ್ತ ಬರುತ್ತದೆ, ಕಸವನ್ನು ಗುರ್ದಾ ತೆಗೆಯುತ್ತದೆ. ಗಿಡದಲ್ಲಿಯೂ ಏನೋ ನಾಳ ಇದೆ, ಅದಕ್ಕೆ ಹೃದಯ ಇದೆಯೋ ಇಲ್ಲವೋ ಗೊತ್ತಿಲ್ಲ." ಇದು ಪೂರ್ತಿ ಸರಿಯಿಲ್ಲ. ಸರಿಯಿರಬೇಕಾಗಿಯೂ ಇಲ್ಲ. ಇದು ಊಹೆ. ಓದುವಾಗ ಈ ಊಹೆಯನ್ನು ಪಾಠದ ಎದುರಿಗಿಟ್ಟು ತೂಗಬೇಕು.

ಅದರ ಫಲ ಮಾರನೇ ದಿನ ಕಂಡಿತು. ಪಾಠ ಓದುತ್ತಿದ್ದವನು ಒಂದು ಕಡೆ ತಟ್ಟನೆ ನಿಂತ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ರಕ್ತವಿರುತ್ತದೆ, ಆದರೂ ಅದನ್ನು ಅಪಧಮನಿ ಎಂದೇ ಕರೆಯುತ್ತಾರೆ. "ಇದು ತಪ್ಪು ಉಸ್ತಾದ್, ಅಪಧಮನಿಯಲ್ಲಿ ಒಳ್ಳೆಯದಿರಬೇಕಲ್ಲ?" ಎಂದ. ನಾವು ಅವನ ಹಾಳೆಯ ಬಾಣದ ಗುರುತನ್ನು ತೋರಿಸಿದೆವು. ಹೆಸರು ಬಂದದ್ದು ರಕ್ತದ ಗುಣದಿಂದಲ್ಲ, ದಿಕ್ಕಿನಿಂದ. ಹೃದಯದಿಂದ ಹೊರಡುವುದು ಯಾವುದೇ ಇರಲಿ, ಅದು ಅಪಧಮನಿ. ಎರಡು ತಿಂಗಳಾದರೂ ಅವನು ಅದನ್ನು ಮರೆತಿಲ್ಲ. ಊಹೆಯೇ ಇಲ್ಲದೆ ಓದಿದ್ದರೆ ಆ ಸಾಲಿನಲ್ಲಿ ಅವನು ನಿಲ್ಲುತ್ತಲೇ ಇರಲಿಲ್ಲ.

ಇದಕ್ಕೆ ಮಿತಿಯೂ ಇದೆ. ಹತ್ತು ನಿಮಿಷದ ನೋಟ ಮುಗಿದಾಗ ಪಾಠ ಬಂದುಬಿಟ್ಟಿತು ಎಂಬ ಭ್ರಮೆ ಹುಟ್ಟುತ್ತದೆ. ಪದಗಳು ಪರಿಚಿತವಾಗಿ ಕಾಣುತ್ತವೆ, ಚಿತ್ರಗಳು ನೆನಪಿರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನಷ್ಟೇ ಮಾಡಿ ಮಲಗುವ ಮಕ್ಕಳಿದ್ದಾರೆ. ಭ್ರಮೆಯೋ ನಿಜವೋ ಎಂದು ತಿಳಿಯುವುದು ಸುಲಭ. ಅಂಚಿನಲ್ಲಿ ಬರೆದ ಪ್ರಶ್ನೆಗಳಿಗೆ ಪುಸ್ತಕ ನೋಡದೆ ಉತ್ತರ ಹೇಳಿಸಿ. ಹೇಳಲಾಗದಿದ್ದರೆ ಅದು ನೋಟ ಮಾತ್ರ, ಓದಲ್ಲ. ಶೀರ್ಷಿಕೆಯೇ ಇಲ್ಲದ, ಅಥವಾ "ಪೀಠಿಕೆ", "ಇನ್ನಷ್ಟು ವಿಷಯ" ಎಂಬಂತಹ ಬರಿದಾದ ಶೀರ್ಷಿಕೆಗಳಿರುವ ಪುಸ್ತಕಗಳೂ ಇವೆ. ಅಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಓದುತ್ತಾ ಹೋಗಿ, ಶೀರ್ಷಿಕೆಯನ್ನು ಮಗುವೇ ಇಡಲಿ. ಕಥೆ, ಕವನಗಳಿಗೆ ಈ ಕ್ರಮ ಬೇಡ. ಮುಂದೇನು ಎಂದು ಮೊದಲೇ ನೋಡಿದರೆ ಕಥೆಯ ರುಚಿ ಹೋಗುತ್ತದೆ.

ಕಳೆದ ವಾರ ಆ ಹುಡುಗ ಮುಂದಿನ ಪಾಠದ ಹಾಳೆ ಬರೆದುಕೊಂಡು ತಾನಾಗಿಯೇ ಬಂದಿದ್ದ. ಸಸ್ಯಗಳಲ್ಲಿ ಸಂತಾನೋತ್ಪತ್ತಿ ಎಂಬ ಪಾಠ. ಶೀರ್ಷಿಕೆಗಳನ್ನು ಒಳಗೆ ಹೊರಗೆ ಸರಿಸಿ ಸರಿಯಾಗಿ ಜೋಡಿಸಿದ್ದ. ಅಂಚಿನಲ್ಲಿ ಒಂದೇ ಪ್ರಶ್ನೆ ಇತ್ತು. "ಉಸ್ತಾದ್, ಗಿಡ ಬೀಜದಿಂದಲ್ಲವಾ ಬರುವುದು? ಮತ್ತೆ ಇಲ್ಲಿ ಆಲೂಗಡ್ಡೆಯ ಚಿತ್ರ ಏಕೆ ಹಾಕಿದ್ದಾರೆ?" ಎಂದ. ಕೆಳಗಿನ ಸಾಲು ಓದಿದೆಯಾ ಎಂದು ಕೇಳಿದೆವು. ಓದಿದ್ದ. ಕಣ್ಣಿನಿಂದ ಮೊಳಕೆ ಬಂದಿದೆ ಎಂದಿದೆಯಂತೆ, ಆಲೂಗಡ್ಡೆಗೆ ಕಣ್ಣೆಲ್ಲಿ ಎಂದು ಗೊತ್ತಾಗಲಿಲ್ಲವಂತೆ. ಮನೆಗೆ ಹೋಗಿ ಉಮ್ಮನ ತರಕಾರಿ ಬುಟ್ಟಿಯ ತಳದಲ್ಲಿ ಹಳೆಯ ಆಲೂಗಡ್ಡೆ ಇದೆಯೇ ಹುಡುಕು ಎಂದು ಕಳಿಸಿದೆವು.